ತಿದ್ದಿ ಬರೆದ ಪತ್ರಗಳಲ್ಲಿ ಲಗತ್ತು, ಕೊಂಡಿ, ಪ್ರತಿ ತಾಳೆಯಾಗದಿದ್ದರೆ: ದೋಷ ಹುಡುಕುವ ಬಗೆ

ಒಂದೇ ವಿಷಯದ ಪತ್ರವನ್ನು ಹತ್ತಾರು ಶಾಲೆಗಳಿಗೆ ಇ-ಮೇಲ್ ಮೂಲಕ ಕಳುಹಿಸುವುದು ಕಾಸರಗೋಡಿನ ಸಂಘಗಳಿಗೆ ಹೊಸ ಕೆಲಸವೇನಲ್ಲ. ಆದರೆ ನಮ್ಮಲ್ಲಿ ಅದಕ್ಕೆ ಒಂದು ಮಜಲು ಹೆಚ್ಚು. ಮೊದಲ ಕರಡು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ತಯಾರಾಗುತ್ತದೆ. ಕನ್ನಡ ಶಾಲೆಗಳಿಗೆ ಹೋಗುವ ಪತ್ರಗಳನ್ನು ಭಾಷೆ ಬಲ್ಲ ಒಬ್ಬರು ಕನ್ನಡದಲ್ಲಿ ಹೊಸದಾಗಿ ಬರೆದುಕೊಡುತ್ತಾರೆ. ಕಂಪ್ಯೂಟರಿನ ಮುಂದೆ ಕುಳಿತು ಅವನ್ನು ಕಳುಹಿಸುವವರು ಇನ್ನೊಬ್ಬರು. ಬರೆದವರಿಗೆ ಲಗತ್ತು ಕಾಣುವುದಿಲ್ಲ, ಕಳುಹಿಸುವವರು ಪತ್ರವನ್ನು ಪೂರ್ತಿ ಓದುವುದಿಲ್ಲ. ಇಲ್ಲಿ ವಿವರಿಸುವ ದೋಷಗಳೆಲ್ಲ ಈ ಇಬ್ಬರ ನಡುವಿನ ತೆರಪಿನಲ್ಲಿ ಹುಟ್ಟುವಂಥವು.

ದೋಷ ಹೊರಗೆ ಕಾಣಿಸಿಕೊಳ್ಳುವುದು ಮೂರು ಬಗೆಯ ದೂರುಗಳ ಮೂಲಕ. ‘ಪ್ರವೇಶ ಪತ್ರ ಲಗತ್ತಿಸಿದೆ ಎಂದಿದ್ದೀರಿ, ಬಂದಿಲ್ಲ’ ಎಂಬುದು ಒಂದು. ‘ಕೊಂಡಿ ಒತ್ತಿದರೆ ಅನುಮತಿ ಕೇಳುತ್ತದೆ’ ಎಂಬುದು ಇನ್ನೊಂದು. ‘ನನಗೆ ಪ್ರತಿ ಕಳುಹಿಸಿದ್ದೀರಿ ಎಂದು ಪತ್ರದಲ್ಲಿದೆ, ನನಗಂತೂ ಮುಟ್ಟಿಲ್ಲ’ ಎಂಬುದು ಮೂರನೆಯದು. ದೂರು ಬಂದ ಮೇಲೆ ಕಾರಣ ಹುಡುಕುವುದು ಹೇಗೋ, ದೂರು ಬರುವ ಮೊದಲು ಪರೀಕ್ಷಿಸುವುದೂ ಹಾಗೆಯೇ. ಎರಡಕ್ಕೂ ದಾರಿ ಒಂದೇ.

ಮೊದಲು ಎರಡು ಪಟ್ಟಿಗಳು

ಪತ್ರದ ಮಾತು ಒಂದು ಕಡೆ, ಇ-ಮೇಲ್ ನಿಜವಾಗಿ ಹೊತ್ತೊಯ್ಯುವ ಸಾಮಗ್ರಿ ಇನ್ನೊಂದು ಕಡೆ. ಪತ್ರವನ್ನು ತಿದ್ದುವವರ ಕೈ ಮುಟ್ಟುವುದು ಮೊದಲನೆಯದನ್ನು ಮಾತ್ರ. ಆದ್ದರಿಂದ ಪತ್ರ ಏನೇನು ಕೊಡುತ್ತೇನೆ ಎಂದಿದೆ ಎಂಬ ಪಟ್ಟಿಯನ್ನೂ, ಕಳುಹಿಸಲು ಸಿದ್ಧವಾದ ಇ-ಮೇಲ್ ಕರಡಿನಲ್ಲಿ ಏನೇನು ಇದೆ ಎಂಬ ಪಟ್ಟಿಯನ್ನೂ ಬೇರೆ ಬೇರೆಯಾಗಿ ಮಾಡಬೇಕು. ಒಂದನ್ನು ನೋಡುತ್ತಾ ಇನ್ನೊಂದನ್ನು ಬರೆದರೆ ಕಣ್ಣು ತಾನಾಗಿಯೇ ತಾಳೆ ಮಾಡಿಬಿಡುತ್ತದೆ, ತಪ್ಪು ಹಾಗೆಯೇ ಉಳಿಯುತ್ತದೆ. ಸಾಧ್ಯವಿದ್ದರೆ ಎರಡು ಪಟ್ಟಿಗಳನ್ನು ಇಬ್ಬರು ಮಾಡಲಿ. ಒಬ್ಬರೇ ಮಾಡುವುದಾದರೆ ಪತ್ರದ ಪಟ್ಟಿ ಮೊದಲು ಮುಗಿಯಲಿ, ಆಮೇಲೆ ಕರಡು ತೆರೆಯಲಿ.

ಪತ್ರದ ಪಟ್ಟಿ ಮಾಡಲು ಪದ ಹುಡುಕಿದರೆ ಸಾಕೆಂದು ಅನೇಕರು ತಿಳಿಯುತ್ತಾರೆ. ಅದು ಅರ್ಧ ಕೆಲಸ. ‘ಲಗತ್ತಿ’ ಎಂದಷ್ಟೇ ಹುಡುಕಿದರೆ ಲಗತ್ತಿಸಿದೆ, ಲಗತ್ತಿಸಲಾಗಿದೆ, ಲಗತ್ತಿಸಿರುವ ಎಲ್ಲವೂ ಸಿಗುತ್ತವೆ. ಪೂರ್ತಿ ಪದ ಹುಡುಕಿದರೆ ಒಂದು ರೂಪ ಮಾತ್ರ ಸಿಗುತ್ತದೆ. ‘ಅಡಕ’, ‘ಇದರೊಂದಿಗೆ’, ‘ಜೊತೆಗೆ’, ‘ಜತೆಗೆ’, ‘ಕೆಳಗಿನ’, ‘ಕೊಂಡಿ’, ‘ಲಿಂಕ್’, ‘ಪ್ರತಿ’, ‘ಗಮನಕ್ಕೆ’ ಇವನ್ನೂ ಹುಡುಕಬೇಕು. ‘ಪ್ರತಿ’ ಹುಡುಕುವಾಗ ‘ಪ್ರತಿಯೊಬ್ಬ’, ‘ಪ್ರತಿಭೆ’ ಎಲ್ಲ ಎದ್ದು ಬರುತ್ತವೆ, ಅವನ್ನು ಬಿಟ್ಟು ಮುಂದೆ ಹೋಗಬೇಕು.

ಇಷ್ಟಾದರೂ ತಪ್ಪಿಸಿಕೊಳ್ಳುವ ವಾಕ್ಯಗಳಿವೆ. ‘ಪ್ರವೇಶ ಪತ್ರವನ್ನು ತುಂಬಿ, ಮುಖ್ಯೋಪಾಧ್ಯಾಯರ ಸಹಿಯೊಂದಿಗೆ ಮರಳಿಸಬೇಕಾಗಿ ವಿನಂತಿ’ ಎಂಬ ವಾಕ್ಯದಲ್ಲಿ ಲಗತ್ತು ಎಂಬ ಮಾತೇ ಇಲ್ಲ. ಆದರೂ ಅದು ಒಂದು ಲಗತ್ತನ್ನು ಕೊಡುತ್ತೇನೆಂದು ಹೇಳುವ ವಾಕ್ಯ. ಒಳ್ಳೆಯ ಕನ್ನಡ ಬರೆಯುವವರು ‘ಲಗತ್ತಿಸಿದ ಪ್ರವೇಶ ಪತ್ರವನ್ನು’ ಎಂಬ ಉದ್ದದ ಮಾತನ್ನು ಮೊಟಕುಗೊಳಿಸುವುದು ಸಹಜ. ಭಾಷೆ ಹಗುರವಾದಂತೆ ಗುರುತಿನ ಪದ ಮಾಯವಾಗುತ್ತದೆ. ಇದನ್ನು ಹಿಡಿಯಲು ಪದ ಹುಡುಕುವುದರಿಂದ ಆಗುವುದಿಲ್ಲ, ಪತ್ರವನ್ನು ಒಮ್ಮೆ ಮೊದಲಿನಿಂದ ಕೊನೆಯವರೆಗೆ ಓದಲೇಬೇಕು. ಓದುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ವಾಕ್ಯ ಹೇಳಿದಂತೆ ನಡೆಯಲು ಓದುಗರ ಕೈಯಲ್ಲಿ ಏನಿರಬೇಕು?

ಥಂಡರ್‌ಬರ್ಡ್ ಎಂಬ ಇ-ಮೇಲ್ ತಂತ್ರಾಂಶದಲ್ಲಿ ಲಗತ್ತು ಮರೆತರೆ ನೆನಪಿಸುವ ವ್ಯವಸ್ಥೆ ಇದೆ. ಸೆಟ್ಟಿಂಗ್ಸ್‌ನ `Composition` ವಿಭಾಗದಲ್ಲಿ `Check for missing attachments` ಎಂಬುದರ ಪಕ್ಕ `Keywords…` ಒತ್ತಿದರೆ ಅದು ಗಮನಿಸುವ ಪದಗಳು ಕಾಣುತ್ತವೆ. ಇಂಗ್ಲಿಷ್ ಆವೃತ್ತಿಯಲ್ಲಿ ಅವೆಲ್ಲ ಇಂಗ್ಲಿಷ್ ಪದಗಳೇ. ಅಲ್ಲಿಗೆ ಕನ್ನಡ ಪದಗಳನ್ನು, ಬಳಕೆಯಲ್ಲಿರುವ ಒಂದೊಂದು ರೂಪದಲ್ಲೂ, ಸೇರಿಸಿಕೊಳ್ಳಬಹುದು. ಆದರೆ ಅದರ ಮಿತಿ ತಿಳಿದಿರಲಿ. ಒಂದೂ ಲಗತ್ತು ಇಲ್ಲದಿದ್ದಾಗ ಮಾತ್ರ ಅದು ಎಚ್ಚರಿಸುತ್ತದೆ. ಎರಡು ಇರಬೇಕಾದಲ್ಲಿ ಒಂದೇ ಇದ್ದರೆ, ಅಥವಾ ಇರುವುದು ಬೇರೆಯೇ ಕಡತವಾಗಿದ್ದರೆ ಅದು ಸುಮ್ಮನಿರುತ್ತದೆ.

ಪೆರ್ಲಕ್ಕೆ ಹೊರಟಿದ್ದ ಒಂದು ಕರಡು

ನಮ್ಮ ಭಾಗದ ಒಂದು ಸಂಘ ಶಾಲಾ ಮಕ್ಕಳ ಪ್ರಬಂಧ ಸ್ಪರ್ಧೆಗೆಂದು, ಶಾಲೆಗೊಂದು ಸಾಲಿನಂತೆ ಸಿಸಿ ವಿಳಾಸ, ಕಡತಗಳ ದಾರಿ ಬರೆದಿದ್ದ ಎಕ್ಸೆಲ್ ಪಟ್ಟಿಯಿಂದ ಸಿದ್ಧಪಡಿಸಿದ್ದ ಕರಡುಗಳಲ್ಲಿ ಪೆರ್ಲದ ಶಾಲೆಗೆ ಹೋಗಬೇಕಾಗಿದ್ದುದನ್ನು ಬಿಡಿಸಿ ನೋಡೋಣ. ಮೂಲ ಪತ್ರದ ಕೊನೆಯಲ್ಲಿ ಎರಡು ಅಡಕಗಳನ್ನು ಸಂಖ್ಯೆ ಹಾಕಿ ಹೇಳಿತ್ತು: ನಿಯಮಾವಳಿ, ಪ್ರವೇಶ ಪತ್ರ. ಕನ್ನಡದಲ್ಲಿ ಬರೆದವರು ಆ ಪಟ್ಟಿಯನ್ನು ತೆಗೆದು, ‘ನಿಯಮಾವಳಿ ಹಾಗೂ ಪ್ರವೇಶ ಪತ್ರವನ್ನು ಲಗತ್ತಿಸಿದೆ, ವಿವರಗಳಿಗೆ ಕೆಳಗಿನ ಕೊಂಡಿ ನೋಡಿ, ಮಾಹಿತಿಗಾಗಿ ಉಪಜಿಲ್ಲಾ ವಿದ್ಯಾಧಿಕಾರಿಗಳಿಗೆ ಪ್ರತಿ ಕಳುಹಿಸಲಾಗಿದೆ’ ಎಂದು ಒಂದೇ ಉಸಿರಿನಲ್ಲಿ ಬರೆದಿದ್ದರು. ಹಾಗಾಗಿ ಪತ್ರದ ಪಟ್ಟಿಯಲ್ಲಿ ನಾಲ್ಕು ಅಂಶಗಳು: ಎರಡು ಕಡತ, ಒಂದು ಕೊಂಡಿ, ಒಬ್ಬ ಅಧಿಕಾರಿಗೆ ಪ್ರತಿ.

ಕರಡಿನಲ್ಲಿ ಲಗತ್ತುಗಳು ಎರಡೇ ಇದ್ದವು. ಎಣಿಕೆ ಮಾಡಿ ಬಿಟ್ಟಿದ್ದರೆ ಎಲ್ಲ ಸರಿ ಎಂದೇ ತೋರುತ್ತಿತ್ತು. ಹೆಸರು ಓದಿದಾಗ ಒಂದು `niyamavali.pdf`, ಇನ್ನೊಂದು `pravesha-ml.pdf`. ಎರಡನೆಯದು ಮಲಯಾಳದ ನಮೂನೆ. ಪತ್ರದ ಭಾಷೆ ಬದಲಾದರೂ ಕಡತಗಳ ದಾರಿ ಬರೆದಿದ್ದ ಕಾಲಂ ಬದಲಾಗಿರಲಿಲ್ಲ. ಕನ್ನಡದ ಪತ್ರಕ್ಕೆ ಮಲಯಾಳದ ನಮೂನೆ ಅಂಟಿಕೊಂಡು ಹೋಗುವುದು ಗಡಿಭಾಗದಲ್ಲಿ ಮತ್ತೆ ಮತ್ತೆ ಕಾಣುವ ದೋಷ. ಕಡತದ ಹೆಸರಿನ ಕೊನೆಗೆ `-kn`, `-ml`, `-en` ಎಂದು ಭಾಷೆಯ ಗುರುತು ಹಾಕುವ ಪದ್ಧತಿ ಇದ್ದಲ್ಲಿ ಅದು ತಕ್ಷಣ ಕಣ್ಣಿಗೆ ಬೀಳುತ್ತದೆ. `form1.pdf`, `form-final.pdf` ಎಂಬಂತಹ ಹೆಸರುಗಳಿದ್ದರೆ ಒಂದೊಂದನ್ನೂ ತೆರೆದೇ ನೋಡಬೇಕು.

ಇನ್ನು ನಿಯಮಾವಳಿ. ಹೆಸರು ಸರಿ, ಭಾಷೆಯೂ ಸರಿ. ಆದರೆ ಕರಡಿನ ಒಳಗಿನಿಂದಲೇ ಅದನ್ನು ತೆರೆದಾಗ ಕೊನೆಯ ದಿನಾಂಕ ಹಳೆಯದು ಇತ್ತು. ಕಂಪ್ಯೂಟರಿನ ಫೋಲ್ಡರಿನಲ್ಲಿದ್ದ ಅದೇ ಹೆಸರಿನ ಕಡತದಲ್ಲಿ ದಿನಾಂಕ ತಿದ್ದಿತ್ತು. ಕಾರಣ ಹೀಗೆ: ಕರಡನ್ನು ಉಳಿಸುವಾಗ ಥಂಡರ್‌ಬರ್ಡ್ ಕಡತದ ಒಂದು ನಕಲನ್ನು ಕರಡಿನೊಳಗೆ ಸೇರಿಸಿಕೊಳ್ಳುತ್ತದೆ. ಆಮೇಲೆ ಫೋಲ್ಡರಿನಲ್ಲಿ ಎಷ್ಟು ತಿದ್ದಿದರೂ ಆ ನಕಲು ಬದಲಾಗುವುದಿಲ್ಲ. ಆದ್ದರಿಂದ ಲಗತ್ತನ್ನು ಪರೀಕ್ಷಿಸುವಾಗ ಫೋಲ್ಡರಿನ ಕಡತವನ್ನು ತೆರೆದು ನೋಡಿ ಸಮಾಧಾನ ಪಡುವುದು ವ್ಯರ್ಥ. ಹೋಗುವುದು ಕರಡಿನೊಳಗಿನ ನಕಲು, ತೆರೆಯಬೇಕಾದುದೂ ಅದೇ. ಅದು ಹಳೆಯದೆಂದು ಗೊತ್ತಾದರೆ ಲಗತ್ತನ್ನು ತೆಗೆದು ಮತ್ತೆ ಸೇರಿಸಬೇಕು. ಹಲವು ಕರಡುಗಳಿದ್ದರೆ ಎಲ್ಲವನ್ನೂ ಅಳಿಸಿ ಹೊಸದಾಗಿ ಹುಟ್ಟಿಸುವುದೇ ಕ್ಷೇಮ, ಒಂದೊಂದನ್ನೇ ರಿಪೇರಿ ಮಾಡಹೊರಟರೆ ಕೆಲವು ಉಳಿದುಬಿಡುತ್ತವೆ.

ಲಗತ್ತೇ ಇಲ್ಲವೆಂಬ ದೂರು ಎಲ್ಲ ಶಾಲೆಗಳಿಂದಲೂ ಬಂದರೆ ಬೇರೆಯೇ ಕಾರಣ ನೋಡಬೇಕು. ವರ್ಡ್‌ನ ಮೇಲ್ ಮರ್ಜ್ ಮೂಲಕ ಇ-ಮೇಲ್ ಕಳುಹಿಸುವಾಗ ಲಗತ್ತು ಸೇರಿಸುವುದಕ್ಕೂ ಸಿಸಿ ಹಾಕುವುದಕ್ಕೂ ಅವಕಾಶವೇ ಇಲ್ಲ. ಅಲ್ಲಿ ಪತ್ರವನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ, ಕಳುಹಿಸುವ ಸಾಧನವನ್ನೇ ಬದಲಿಸಬೇಕು.

ಪ್ರತಿ ಯಾರಿಗೆ ಹೋಗುತ್ತಿದೆ

ಪೆರ್ಲದ ಅದೇ ಕರಡಿನ ಸಿಸಿಯಲ್ಲಿ ಒಂದು ವಿಳಾಸವಿತ್ತು, ಕಾಸರಗೋಡು ಉಪಜಿಲ್ಲೆಯ ಕಚೇರಿಯದು. ಪೆರ್ಲದ ಶಾಲೆ ಸೇರುವುದು ಕುಂಬಳೆ ಉಪಜಿಲ್ಲೆಗೆ. ಪತ್ರದಲ್ಲಿ ‘ಉಪಜಿಲ್ಲಾ ವಿದ್ಯಾಧಿಕಾರಿಗಳು’ ಎಂದಷ್ಟೇ ಇದ್ದುದರಿಂದ ಓದುವವರಿಗೆ ತಪ್ಪು ಕಾಣುವಂತಿರಲಿಲ್ಲ. ಮೂಲ ಪತ್ರದಲ್ಲಿ ಉಪಜಿಲ್ಲೆಯ ಹೆಸರಿತ್ತು, ಎಲ್ಲ ಶಾಲೆಗಳಿಗೂ ಒಂದೇ ವಾಕ್ಯ ಹೊಂದಲಿ ಎಂದು ತಿದ್ದುವಾಗ ಅದು ಬಿದ್ದುಹೋಗಿತ್ತು. ಸಾಮಾನ್ಯ ಪದ ಬಳಸಿದಷ್ಟೂ ತಾಳೆ ನೋಡುವ ಆಧಾರ ಕಡಿಮೆಯಾಗುತ್ತದೆ. ನಾನಾದರೆ ಆ ಹೆಸರನ್ನು ಪತ್ರದಲ್ಲಿ ಉಳಿಸಿಕೊಳ್ಳುತ್ತೇನೆ. ಶಾಲೆಯವರಿಗೂ ಯಾವ ಕಚೇರಿಗೆ ಪ್ರತಿ ಹೋಗಿದೆ ಎಂದು ತಿಳಿಯುತ್ತದೆ, ಕಳುಹಿಸುವವರಿಗೂ ಸಿಸಿಯ ಜೊತೆ ಹೋಲಿಸಲು ಒಂದು ಗುರುತು ಸಿಗುತ್ತದೆ.

ಒಂದು ತಪ್ಪು ಸಿಕ್ಕಿದ ಕೂಡಲೇ ಅದನ್ನು ತಿದ್ದಿ ಮುಂದೆ ಹೋಗಬಾರದು. ಅಕ್ಕಪಕ್ಕದ ಕರಡುಗಳನ್ನು ತೆರೆದು ತಪ್ಪಿನ ಆಕಾರ ನೋಡಬೇಕು. ಒಂದರಲ್ಲಿ ಮಾತ್ರ ತಪ್ಪಿದ್ದರೆ ಅದು ಕೈಯಿಂದ ಟೈಪ್ ಮಾಡಿದಾಗ ಆದದ್ದು. ಒಂದು ಸಾಲಿನಿಂದ ಕೆಳಗೆ ಎಲ್ಲವೂ ಒಂದೊಂದು ಮನೆ ಜಾರಿದ್ದರೆ, ಪಟ್ಟಿಯ ಒಂದು ಕಾಲಂನಲ್ಲಿ ಕೋಶವೊಂದನ್ನು ಅಳಿಸಿಯೋ ಸೇರಿಸಿಯೋ ಆಗಿರುತ್ತದೆ. ಎಲ್ಲವೂ ಕಲಸಿಹೋಗಿ, ಸಿಸಿ ಕಾಲಂ ಮಾತ್ರ ಅಚ್ಚುಕಟ್ಟಾಗಿ ಅಕಾರಾದಿಯಲ್ಲಿದ್ದರೆ, ಆ ಕಾಲಂ ಒಂದನ್ನೇ ಆರಿಸಿ ಸಾರ್ಟ್ ಮಾಡಲಾಗಿದೆ ಎಂದರ್ಥ.

ಆ ಸಂಘದ ಪಟ್ಟಿಯಲ್ಲಿ ಆದದ್ದು ಈ ಕೊನೆಯದೇ. ಎಕ್ಸೆಲ್‌ನಲ್ಲಿ ಒಂದೇ ಕಾಲಂ ಆರಿಸಿ ಸಾರ್ಟ್ ಮಾಡಹೊರಟರೆ ಅದು `Expand the selection` ಮತ್ತು `Continue with the current selection` ಎಂಬ ಎರಡು ಆಯ್ಕೆ ಕೊಟ್ಟು ಕೇಳುತ್ತದೆ. ಎರಡನೆಯದನ್ನು ಒತ್ತಿದರೆ ಆ ಕಾಲಂ ಮಾತ್ರ ಮೇಲೆ ಕೆಳಗಾಗಿ, ಉಳಿದವು ನಿಂತಲ್ಲೇ ನಿಲ್ಲುತ್ತವೆ. ಆಗ ಪೈವಳಿಕೆಯ ಸಾಲಿನಲ್ಲಿ ಮಂಜೇಶ್ವರದ ಕಚೇರಿ ಇರಬೇಕಾದಲ್ಲಿ ಬೇರೊಂದು ಬಂದು ಕೂರುತ್ತದೆ. ಕೆಲವು ಸಾಲುಗಳು ಆಕಸ್ಮಿಕವಾಗಿ ಸರಿಯಾಗಿಯೇ ಇರುವುದರಿಂದ ಅಲ್ಲೊಂದು ಇಲ್ಲೊಂದು ನೋಡಿದವರಿಗೆ ತಪ್ಪು ಸಿಗದೆ ಹೋಗಬಹುದು. ಇಂತಹ ಪಟ್ಟಿಯನ್ನು ಸಾಲು ಸಾಲಾಗಿ ತಿದ್ದುತ್ತಾ ಕೂರಬಾರದು. ಸಾರ್ಟ್ ಮಾಡುವ ಮೊದಲಿನ ಪ್ರತಿಯನ್ನು ತೆಗೆದುಕೊಂಡು, ಅದರಿಂದ ಕರಡುಗಳನ್ನು ಮತ್ತೆ ತಯಾರಿಸಬೇಕು.

ಸಿಸಿ ಖಾಲಿಯಾಗಿಯೇ ಇದ್ದರೆ ಕಾರಣ ಇನ್ನೂ ಸರಳ. ಕಾಗದದ ಪತ್ರದಲ್ಲಿ ಸಹಿಯ ಕೆಳಗೆ ‘ಪ್ರತಿ:’ ಎಂದು ಬರೆದರೆ ಗುಮಾಸ್ತರು ಅದನ್ನು ನೋಡಿ ಇನ್ನೊಂದು ಲಕೋಟೆ ಹಾಕುತ್ತಾರೆ. ಇ-ಮೇಲ್‌ನಲ್ಲಿ ಆ ಸಾಲು ಬರೀ ಅಕ್ಷರ. ಪತ್ರದ ಶೈಲಿಯನ್ನು ಅಚ್ಚುಕಟ್ಟು ಮಾಡಿದವರು ‘ಪ್ರತಿ:’ ಸಾಲನ್ನು ಸೊಗಸಾಗಿ ಸೇರಿಸಿರುತ್ತಾರೆ, ವಿಳಾಸದ ಕಾಲಂ ಯಾರಿಗೂ ನೆನಪಾಗಿರುವುದಿಲ್ಲ.

ಬಿಸಿಸಿಯ ವಿಷಯದಲ್ಲಿ ಒಂದು ಎಚ್ಚರ. ಬಂದು ಮುಟ್ಟಿದ ಪತ್ರದಲ್ಲಿ ಬಿಸಿಸಿ ವಿಳಾಸಗಳು ಕಾಣುವುದಿಲ್ಲ, ಕಾಣಬಾರದು ಎಂಬುದೇ ಅದರ ಉದ್ದೇಶ. ಹಾಗಾಗಿ ಪರೀಕ್ಷೆಗೆಂದು ನಿಮಗೇ ಕಳುಹಿಸಿಕೊಂಡ ಪತ್ರದಿಂದ ಬಿಸಿಸಿ ಸರಿಯಿದೆಯೇ ಎಂದು ತಿಳಿಯಲಾಗದು. ಅದನ್ನು ಕರಡಿನಲ್ಲಿ, ಕಳುಹಿಸಿದ ಮೇಲಾದರೆ ಕಳುಹಿಸಿದವರ ಪೆಟ್ಟಿಗೆಯಲ್ಲಿ ನೋಡಬೇಕು. ಪತ್ರದಲ್ಲಿ ‘ಎಲ್ಲ ಶಾಲೆಗಳಿಗೂ ಪ್ರತ್ಯೇಕವಾಗಿ ಕಳುಹಿಸಲಾಗಿದೆ’ ಎಂದಿದ್ದು, ಶಾಲೆಗಳ ವಿಳಾಸಗಳೆಲ್ಲ ಸಿಸಿಯಲ್ಲಿ ಸಾಲಾಗಿ ನಿಂತಿದ್ದರೆ ಅದೂ ತಾಳೆ ತಪ್ಪಿದಂತೆಯೇ. ಆಗ ಒಬ್ಬರ ವಿಳಾಸ ಇನ್ನೊಬ್ಬರಿಗೆ ಬಯಲಾಗುತ್ತದೆ.

ಕೊಂಡಿ

ಕೊಂಡಿಗೆ ಎರಡು ಪದರಗಳಿವೆ. ಕಣ್ಣಿಗೆ ಕಾಣುವ ಬರಹ ಮೇಲಿನದು, ಒತ್ತಿದಾಗ ಕರೆದೊಯ್ಯುವ ವಿಳಾಸ ಒಳಗಿನದು. ‘ಕಳೆದ ವರ್ಷದ ನಿಯಮಾವಳಿ’ ಎಂಬ ಬರಹವನ್ನು ‘ಈ ವರ್ಷದ ನಿಯಮಾವಳಿ’ ಎಂದು ತಿದ್ದಿದರೆ ಮೇಲಿನ ಪದರ ಮಾತ್ರ ಬದಲಾಗುತ್ತದೆ. ಒಳಗಿನ ವಿಳಾಸ ಹಳೆಯ ಕಡತಕ್ಕೇ ಹೋಗುತ್ತಿರುತ್ತದೆ. ಕೊಂಡಿಯ ಮೇಲೆ ಮೌಸ್ ಇಟ್ಟರೆ ಒಳಗಿನ ವಿಳಾಸ ಕಾಣುತ್ತದೆ, ಆದರೆ ಗೂಗಲ್ ಡ್ರೈವ್‌ನ ವಿಳಾಸಗಳು ಅರ್ಥವಿಲ್ಲದ ಉದ್ದನೆಯ ಅಕ್ಷರಸಾಲುಗಳಾದ್ದರಿಂದ ನೋಡಿದ ಮಾತ್ರಕ್ಕೆ ಏನೂ ತಿಳಿಯದು. ಒತ್ತಿ ತೆರೆದು, ಒಳಗಿನ ದಿನಾಂಕ ಓದಬೇಕು.

ತೆರೆಯುವುದೂ ನಿಮ್ಮ ಖಾತೆಯಲ್ಲಲ್ಲ. ಕಡತದ ಒಡೆಯರಿಗೆ ಅದು ಯಾವಾಗಲೂ ತೆರೆದುಕೊಳ್ಳುತ್ತದೆ. ಬ್ರೌಸರಿನ ಖಾಸಗಿ ಕಿಟಕಿಯಲ್ಲಿ, ಯಾವ ಖಾತೆಗೂ ಲಾಗಿನ್ ಆಗದೆ ತೆರೆದರೆ ಮಾತ್ರ ಬದಿಯಡ್ಕದ ಮುಖ್ಯೋಪಾಧ್ಯಾಯರಿಗೆ ಏನು ಕಾಣುತ್ತದೋ ಅದು ನಿಮಗೂ ಕಾಣುತ್ತದೆ. ಅನುಮತಿ ಕೇಳಿದರೆ ಹಂಚಿಕೆಯ ಜಾಗದಲ್ಲಿ `Restricted` ಎಂದಿದೆ ಎಂದು ತಿಳಿಯಬೇಕು. ಅದನ್ನು `Anyone with the link` ಎಂದು ಬದಲಿಸಿ, ಹಕ್ಕು `Viewer` ಆಗಿಯೇ ಇರಲಿ.

ಕನ್ನಡದಲ್ಲಿ ಬರೆಯುವವರಿಗೆ ಎದುರಾಗುವ ಒಂದು ತೊಡಕು ಇಲ್ಲಿದೆ. ನಮ್ಮ ವಿಭಕ್ತಿ ಪ್ರತ್ಯಯ ಹಿಂದಿನ ಪದಕ್ಕೆ ಅಂಟಿಕೊಳ್ಳುತ್ತದೆ. ಇಂಗ್ಲಿಷ್ ಪತ್ರದಲ್ಲಿ ವಿಳಾಸದ ಆಚೀಚೆ ತೆರಪಿರುತ್ತದೆ, ಕನ್ನಡಕ್ಕೆ ಬಂದಾಗ ಅದು `https://example.org/niyamaನಲ್ಲಿ` ಎಂದಾಗುತ್ತದೆ. ಕೆಲವು ತಂತ್ರಾಂಶಗಳು ‘ನಲ್ಲಿ’ ಎಂಬುದನ್ನೂ ವಿಳಾಸದ ಭಾಗವೆಂದು ಭಾವಿಸಿ ಕೊಂಡಿ ಮಾಡಿಬಿಡುತ್ತವೆ. ಒತ್ತಿದರೆ ಪುಟ ಸಿಗುವುದಿಲ್ಲ. ಇದನ್ನು ಗುರುತಿಸುವುದು ಸುಲಭ: ಬ್ರೌಸರಿನಿಂದ ನಕಲು ಮಾಡಿದ ವಿಳಾಸದ ಕೊನೆಯಲ್ಲಿ `%E0%B2` ಅಥವಾ `%E0%B3` ಎಂದು ಶುರುವಾಗುವ ತುಂಡುಗಳಿದ್ದರೆ ಅವು ಕನ್ನಡ ಅಕ್ಷರಗಳು. `%E0%B2%A8` ಎಂದರೆ ‘ನ’. ಪರಿಹಾರವೂ ಸುಲಭವೇ. ವಿಳಾಸವನ್ನು ವಾಕ್ಯದೊಳಗೆ ಹೆಣೆಯದೆ, ವಾಕ್ಯ ಮುಗಿಸಿ ಅದನ್ನು ಪ್ರತ್ಯೇಕ ಸಾಲಿನಲ್ಲಿ ಇಡಬೇಕು, ಕೊನೆಗೆ ಪೂರ್ಣವಿರಾಮವನ್ನೂ ಹಾಕಬಾರದು.

ಎಲ್ಲ ಕರಡುಗಳನ್ನು ಒಟ್ಟಿಗೆ ನೋಡಲು

ಹತ್ತು ಹನ್ನೆರಡು ಕರಡುಗಳಾದರೆ ಕೈಯಿಂದಲೇ ತೆರೆದು ನೋಡಬಹುದು. ಹೆಚ್ಚಿದ್ದರೆ ಥಂಡರ್‌ಬರ್ಡ್‌ನಲ್ಲಿ ಎಲ್ಲವನ್ನೂ ಆರಿಸಿ `.eml` ಕಡತಗಳಾಗಿ ಒಂದು ಫೋಲ್ಡರಿಗೆ ಉಳಿಸಿಕೊಳ್ಳಿ. ಈ ಕಡತಗಳೊಳಗೆ ನೇರವಾಗಿ ಕನ್ನಡ ಪದ ಹುಡುಕಿ ‘ಏನೂ ಸಿಗಲಿಲ್ಲ’ ಎಂದು ತೀರ್ಮಾನಿಸಬೇಡಿ. ಕನ್ನಡದ ಬರಹ ಅಲ್ಲಿ ಸಾಮಾನ್ಯವಾಗಿ ಬೇಸ್64 ರೂಪದಲ್ಲಿ ಸಂಕೇತವಾಗಿ ಕುಳಿತಿರುತ್ತದೆ, ಬಿಡಿಸದೆ ಓದಲಾಗದು. ಬಿಡಿಸಿ ಪಟ್ಟಿ ಮಾಡಿಕೊಡುವ ಸಣ್ಣ ಪೈಥಾನ್ ತುಂಡು ಇದು. `drafts` ಎಂಬಲ್ಲಿ ನಿಮ್ಮ ಫೋಲ್ಡರಿನ ಹೆಸರು ಹಾಕಿ.

```python
import email, glob, hashlib, re
from email import policy

for f in sorted(glob.glob("drafts/*.eml")):
    with open(f, "rb") as fh:
        m = email.message_from_binary_file(fh, policy=policy.default)
    print(f)
    for h in ("to", "cc", "bcc"):
        print("  ", h, ":", m[h])
    for a in m.iter_attachments():
        d = a.get_payload(decode=True) or b""
        print("   +", a.get_filename(), hashlib.sha256(d).hexdigest()[:8])
    b = m.get_body(("html",))
    if b:
        for u in re.findall(r'href="([^"]+)"', b.get_content()):
            print("   >", u)
```

ಪ್ರತಿ ಲಗತ್ತಿನ ಹೆಸರಿನ ಮುಂದೆ ಬರುವ ಎಂಟು ಅಕ್ಷರಗಳು ಆ ಕಡತದ ಒಳಗಿನ ವಿಷಯದಿಂದ ಲೆಕ್ಕ ಹಾಕಿದ ಗುರುತು. ಹೆಸರು ಒಂದೇ ಇದ್ದು ಗುರುತು ಬೇರೆಯಾದರೆ ಆ ಕರಡಿನಲ್ಲಿ ಬೇರೆ ಆವೃತ್ತಿ ಸೇರಿದೆ. ಪೆರ್ಲದ ನಿಯಮಾವಳಿಯ ಹಾಗೆ ಕೆಲವು ಕರಡುಗಳು ಮಾತ್ರ ಹಳೆಯ ನಕಲನ್ನು ಹೊತ್ತಿದ್ದರೆ ಅವು ಇಲ್ಲಿ ಬೇರೆಯಾಗಿ ಎದ್ದು ಕಾಣುತ್ತವೆ. ಎಲ್ಲ ಕರಡುಗಳಲ್ಲೂ ಗುರುತು ಒಂದೇ ಇದ್ದರೆ ಎಲ್ಲದರಲ್ಲೂ ಒಂದೇ ಆವೃತ್ತಿ ಇದೆ ಎಂದಷ್ಟೇ ತಿಳಿಯುತ್ತದೆ. ಅದು ಹೊಸದೋ ಹಳೆಯದೋ ಎಂದು ತಿಳಿಯಲು ಒಂದನ್ನು ತೆರೆದು ಓದಲೇಬೇಕು.

`href` ಇಲ್ಲದೆ ಬರೀ ಅಕ್ಷರಗಳಲ್ಲಿ ಬರೆದ ವಿಳಾಸವನ್ನು ಈ ತುಂಡು ಹಿಡಿಯುವುದಿಲ್ಲ, ಅದನ್ನು ಪತ್ರದ ಪಟ್ಟಿಯಿಂದಲೇ ನೋಡಿಕೊಳ್ಳಬೇಕು. ವಿಳಾಸ ಬದುಕಿದೆಯೇ, ಆ ಪೆಟ್ಟಿಗೆಯನ್ನು ಯಾರಾದರೂ ತೆರೆಯುತ್ತಾರೆಯೇ ಎಂಬುದನ್ನೂ ಇದು ಹೇಳದು.

ಈ ಪರೀಕ್ಷೆ ಮುಗಿದ ಮೇಲೆ ಪತ್ರದ ಒಂದು ಪದವನ್ನು ಯಾರಾದರೂ ತಿದ್ದಿದರೂ ಪತ್ರದ ಪಟ್ಟಿಯನ್ನು ಮತ್ತೆ ಮಾಡಬೇಕು. ‘ಸಣ್ಣ ತಿದ್ದುಪಡಿ, ಭಾಷೆ ಮಾತ್ರ’ ಎಂಬ ಮಾತನ್ನು ನಂಬಿ ಬಿಡಬಾರದು, ಪೆರ್ಲದ ಪತ್ರದಿಂದ ಕುಂಬಳೆಯ ಹೆಸರು ಬಿದ್ದುಹೋದದ್ದೂ ಅಂತಹ ತಿದ್ದುಪಡಿಯಲ್ಲೇ.

ಈಗಾಗಲೇ ಹೋಗಿದ್ದರೆ

ಜಿಮೇಲ್‌ನಲ್ಲಿ ಕಳುಹಿಸಿದ್ದನ್ನು ಹಿಂದಕ್ಕೆ ಪಡೆಯಲು ಹೆಚ್ಚೆಂದರೆ 30 ಸೆಕೆಂಡುಗಳ ಅವಕಾಶವಿದೆ, ಅದನ್ನೂ ಸೆಟ್ಟಿಂಗ್ಸ್‌ನಲ್ಲಿ ಮೊದಲೇ ಹೆಚ್ಚಿಸಿಟ್ಟಿರಬೇಕು. ಅದು ದಾಟಿದ ಮೇಲೆ ತಿದ್ದುಪಡಿಯ ಪತ್ರವೇ ದಾರಿ.

ಡ್ರೈವ್‌ನ ಕೊಂಡಿಯಲ್ಲಿ ದೋಷವಿದ್ದರೆ ಮಾತ್ರ ಪತ್ರ ಬರೆಯದೆಯೂ ಸರಿಪಡಿಸಬಹುದು. ಅನುಮತಿಯನ್ನು ಬದಲಿಸಿದರೆ ಹೋದ ಕೊಂಡಿಯೇ ತೆರೆದುಕೊಳ್ಳುತ್ತದೆ. ಕಡತ ಹಳೆಯದಾದರೆ ಅದನ್ನು ಅಳಿಸಿ ಹೊಸದನ್ನು ಏರಿಸಬೇಡಿ, ಹಾಗೆ ಮಾಡಿದರೆ ಹೊಸ ಕಡತಕ್ಕೆ ಹೊಸ ವಿಳಾಸ ಬಂದು ಹೋದ ಕೊಂಡಿ ಸತ್ತುಹೋಗುತ್ತದೆ. ಆ ಕಡತದ `Manage versions` ಮೂಲಕ ಹೊಸ ಆವೃತ್ತಿಯನ್ನು ಏರಿಸಿದರೆ ವಿಳಾಸ ಹಾಗೆಯೇ ಉಳಿಯುತ್ತದೆ.

ಲಗತ್ತು ತಪ್ಪಿದ್ದರೆ, ಯಾವ ಯಾವ ಕರಡುಗಳಲ್ಲಿ ತಪ್ಪಿತ್ತೋ ಆ ಶಾಲೆಗಳಿಗೆ ಮಾತ್ರ, ಮೊದಲಿನ ಪತ್ರಕ್ಕೇ ಉತ್ತರವಾಗಿ ಕಳುಹಿಸಿ. ಸರಿಯಾದ ಪತ್ರ ಪಡೆದವರಿಗೂ ‘ಹಿಂದಿನದನ್ನು ಬಿಡಿ’ ಎಂದು ಬರೆದರೆ ಅವರು ತುಂಬಿಟ್ಟ ಸರಿಯಾದ ನಮೂನೆಯನ್ನೂ ಹರಿದು ಹಾಕಿಯಾರು. ಯಾವ ಕಡತ ತಪ್ಪು, ಅದರ ಬದಲು ಯಾವುದನ್ನು ಬಳಸಬೇಕು ಎಂಬುದನ್ನು ಹೆಸರು ಹಿಡಿದು ಹೇಳಿ: ‘`pravesha-ml.pdf` ಬದಲು ಇದರೊಂದಿಗಿರುವ `pravesha-kn.pdf` ಅನ್ನು ತುಂಬಿ ಕಳುಹಿಸಿ.’ ಸಿಸಿ ತಪ್ಪಿದ್ದಲ್ಲಿ ಇಬ್ಬರಿಗೆ ಬರೆಯಬೇಕಾಗುತ್ತದೆ. ಪತ್ರ ಮುಟ್ಟದ ಕುಂಬಳೆಯ ಕಚೇರಿಗೆ ಮೂಲ ಪತ್ರವನ್ನು ಲಗತ್ತುಗಳ ಸಮೇತ ಕಳುಹಿಸಬೇಕು, ತಪ್ಪಾಗಿ ಮುಟ್ಟಿದ ಕಾಸರಗೋಡಿನ ಕಚೇರಿಗೆ ಈ ಪತ್ರದ ಮೇಲೆ ಅವರು ಮಾಡಬೇಕಾದುದು ಏನೂ ಇಲ್ಲವೆಂದು ತಿಳಿಸಬೇಕು. ಇದನ್ನು ತಿಳಿಸದಿದ್ದರೆ ಅಲ್ಲಿನ ಗುಮಾಸ್ತರು ತಮ್ಮ ಪಟ್ಟಿಯಲ್ಲಿಲ್ಲದ ಪೆರ್ಲದ ಶಾಲೆಗಾಗಿ ಕಡತ ತೆರೆದು ಹುಡುಕುತ್ತಾ ಕೂರುತ್ತಾರೆ.